ಕಂಪನಿಗೆ ಎಷ್ಟು ಸಾಲ ಸರಿ? ತೆರಿಗೆ ಉಳಿತಾಯದ ಲೆಕ್ಕ, ಸಂಕಷ್ಟದ ಬೆಲೆ ಮತ್ತು ಕಿಂಗ್‌ಫಿಶರ್ ಪಾಠ

ಯಾವುದಾದರೂ ದೊಡ್ಡ ಕಂಪನಿ ಸಾಲ ತೀರಿಸಲಾಗದೆ ಮುಳುಗಿದಾಗ ನಮ್ಮ ಟೈಮ್‌ಲೈನ್‌ಗಳಲ್ಲಿ ಎರಡು ಗುಂಪುಗಳು ಎದ್ದು ನಿಲ್ಲುತ್ತವೆ. ಒಂದು ಗುಂಪಿಗೆ ಕಾರ್ಪೊರೇಟ್ ಸಾಲ ಅಂದರೇ ಲೂಟಿ. ಇನ್ನೊಂದು ಗುಂಪಿಗೆ ಅದು ಬಿಸಿನೆಸ್ ರಿಸ್ಕ್, ಅದರಲ್ಲಿ ಕೇಳೋದೇನಿದೆ ಅನ್ನುವ ಉಡಾಫೆ. ಈ ಜಗಳದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಲಾಭದ ಆಸೆ ಇರುವ ಕಂಪನಿ ಸ್ವಂತ ದುಡ್ಡು ಬಿಟ್ಟು ಸಾಲ ಯಾಕೆ ಮಾಡುತ್ತೆ? ಮಾಡಿದರೂ ಎಲ್ಲಿಗೆ ನಿಲ್ಲಿಸಬೇಕು?

ಎಂಬಿಎ ತರಗತಿಗಳಲ್ಲಿ ಇದಕ್ಕೆ ಕೊಡುವ ಉತ್ತರದ ಹೆಸರು ಟ್ರೇಡ್-ಆಫ್ ಸಿದ್ಧಾಂತ. ಸರಳವಾಗಿ ಹೇಳಿದರೆ ಇದೊಂದು ತಕ್ಕಡಿ. ಒಂದು ತಟ್ಟೆಯಲ್ಲಿ ಸಾಲದಿಂದ ಉಳಿಯುವ ತೆರಿಗೆ, ಇನ್ನೊಂದರಲ್ಲಿ ಸಾಲದಿಂದ ಬರಬಹುದಾದ ಸಂಕಷ್ಟದ ಖರ್ಚು. ಇನ್ನೊಂದು ರೂಪಾಯಿ ಸಾಲದಿಂದ ಸಿಗುವ ಉಳಿತಾಯ, ಅದು ತರುವ ಸಂಕಷ್ಟದ ಖರ್ಚಿಗೆ ಎಲ್ಲಿ ಸಮವಾಗುತ್ತದೋ ಅಲ್ಲಿ ನಿಲ್ಲಬೇಕು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಆ ತಕ್ಕಡಿಯ ಎರಡೂ ತಟ್ಟೆಗಳು ನಿಜಕ್ಕೂ ಕಂಪನಿ ಮಾಲೀಕರ ಕೈಯಲ್ಲೇ ಇವೆಯಾ? ರಾಜಕೀಯ ಶುರುವಾಗುವುದು ಆ ಪ್ರಶ್ನೆಯಿಂದ. ಅದಕ್ಕೂ ಮೊದಲು ಲೆಕ್ಕ ನೋಡೋಣ.

ಶುರುವಾಗಿದ್ದು ಸೊನ್ನೆಯಿಂದ

1958ರಲ್ಲಿ ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ವಿಚಿತ್ರ ಅನ್ನಿಸುವ ಮಾತು ಹೇಳಿದರು. ತೆರಿಗೆ ಇಲ್ಲ, ದಿವಾಳಿಯ ಖರ್ಚಿಲ್ಲ, ಎಲ್ಲರಿಗೂ ಒಂದೇ ಮಾಹಿತಿ ಇದೆ ಅಂದುಕೊಂಡರೆ, ಕಂಪನಿ ಎಷ್ಟು ಸಾಲ ಮಾಡಿದೆ ಅನ್ನುವುದು ಅದರ ಬೆಲೆಯನ್ನು ಬದಲಿಸುವುದೇ ಇಲ್ಲ. ಹಲಸಿನ ಹಣ್ಣನ್ನು ಉದ್ದಕ್ಕೆ ಕೊಯ್ದರೂ ಅಡ್ಡಕ್ಕೆ ಕೊಯ್ದರೂ ಒಳಗಿನ ತೊಳೆ ಅಷ್ಟೇ. ಕಾರ್ಖಾನೆ ದುಡಿಯುವ ದುಡ್ಡನ್ನು ಷೇರುದಾರರಿಗೆ ಎಷ್ಟು, ಸಾಲ ಕೊಟ್ಟವರಿಗೆ ಎಷ್ಟು ಎಂದು ಹಂಚುವುದರಿಂದ ದುಡಿಮೆ ಹೆಚ್ಚಾಗಲ್ಲ.

ಈ ಮಾತಿನ ಉಪಯೋಗ ಏನು ಗೊತ್ತಾ? ಸಾಲದಿಂದ ಕಂಪನಿಯ ಬೆಲೆ ಬದಲಾಗುತ್ತಿದೆ ಅಂದರೆ, ಆ ಸೊನ್ನೆ ಲೋಕದಲ್ಲಿ ಇಲ್ಲದ ಏನೋ ಒಂದು ನಮ್ಮ ಲೋಕದಲ್ಲಿದೆ ಎಂದರ್ಥ. ಮೊದಲು ಕಂಡದ್ದು ತೆರಿಗೆ. 1963ರಲ್ಲಿ ಅದೇ ಇಬ್ಬರು ತಮ್ಮ ಲೆಕ್ಕವನ್ನು ತಿದ್ದಿ ತೆರಿಗೆಯನ್ನು ಸೇರಿಸಿದರು. ಆಗ ಬಂದ ಉತ್ತರ ಇನ್ನೂ ವಿಚಿತ್ರ: ಸಾಲ ಹೆಚ್ಚಾದಷ್ಟೂ ಒಳ್ಳೆಯದು. ಯಾವ ಕಂಪನಿಯೂ ಹಾಗೆ ನಡೆದುಕೊಳ್ಳುವುದಿಲ್ಲವಲ್ಲ? ಇನ್ನೊಂದು ತಟ್ಟೆಯಲ್ಲಿ ಏನೋ ಇರಲೇಬೇಕು. 1973ರಲ್ಲಿ ಅಲನ್ ಕ್ರಾಸ್ ಮತ್ತು ರಾಬರ್ಟ್ ಲಿಟ್ಜನ್‌ಬರ್ಗರ್ ಆ ತಟ್ಟೆಯಲ್ಲಿ ದಿವಾಳಿಯ ಖರ್ಚನ್ನಿಟ್ಟು, ಎರಡನ್ನೂ ಒಟ್ಟಿಗೆ ತೂಗುವ ಮಾದರಿಯನ್ನು ಬರೆದರು. ಇಂದು ನಾವು ಟ್ರೇಡ್-ಆಫ್ ಅನ್ನುವುದು ಇದನ್ನೇ.

ಮೊದಲ ತಟ್ಟೆ: ತೆರಿಗೆ

ಪೀಣ್ಯದಲ್ಲಿ ಪಂಪ್ ತಯಾರಿಸುವ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳಿ. ಬಡ್ಡಿ ಮತ್ತು ತೆರಿಗೆ ಕಟ್ಟುವ ಮೊದಲು ವರ್ಷಕ್ಕೆ 10 ಕೋಟಿ ಲಾಭ. ತೆರಿಗೆ 25% ಅಂದುಕೊಳ್ಳೋಣ. ಸಾಲವೇ ಇಲ್ಲದಿದ್ದರೆ 2.5 ಕೋಟಿ ತೆರಿಗೆ ಕಟ್ಟಿ 7.5 ಕೋಟಿ ಉಳಿಯುತ್ತದೆ. ಅದೆಲ್ಲ ಷೇರುದಾರರದ್ದು.

ಈಗ ಅದೇ ಕಾರ್ಖಾನೆ ತನ್ನ ಬಂಡವಾಳದಲ್ಲಿ 20 ಕೋಟಿಯಷ್ಟನ್ನು ಸಾಲವಾಗಿ ತಂದಿದೆ, ಬಡ್ಡಿ 10%. ವರ್ಷಕ್ಕೆ 2 ಕೋಟಿ ಬಡ್ಡಿ. ನಮ್ಮ ಆದಾಯ ತೆರಿಗೆ ಕಾನೂನಿನ ಪ್ರಕಾರ ವ್ಯವಹಾರಕ್ಕೆ ಮಾಡಿದ ಸಾಲದ ಬಡ್ಡಿ ಒಂದು ಖರ್ಚು, ಅದನ್ನು ಕಳೆದೇ ತೆರಿಗೆ ಲೆಕ್ಕ. ಷೇರುದಾರರಿಗೆ ಕೊಡುವ ಡಿವಿಡೆಂಡ್ ಖರ್ಚಲ್ಲ, ಅದನ್ನು ತೆರಿಗೆ ಕಟ್ಟಿ ಉಳಿದದ್ದರಲ್ಲೇ ಕೊಡಬೇಕು. ಹಾಗಾಗಿ ತೆರಿಗೆ ಬೀಳುವುದು 8 ಕೋಟಿಯ ಮೇಲೆ, ಅಂದರೆ 2 ಕೋಟಿ. ಷೇರುದಾರರಿಗೆ 6 ಕೋಟಿ, ಬ್ಯಾಂಕಿಗೆ 2 ಕೋಟಿ, ಒಟ್ಟು 8 ಕೋಟಿ.

ಮೊದಲು ಬಂಡವಾಳ ಹಾಕಿದವರಿಗೆ ಸಿಗುತ್ತಿದ್ದದ್ದು 7.5 ಕೋಟಿ, ಈಗ 8 ಕೋಟಿ. ಒಂದು ಪಂಪ್ ಕೂಡ ಹೆಚ್ಚಿಗೆ ತಯಾರಾಗಿಲ್ಲ. ಆ 50 ಲಕ್ಷ ಬಂದದ್ದು ಸರ್ಕಾರದ ಪಾಲಿನಿಂದ. ಇದನ್ನೇ ಟ್ಯಾಕ್ಸ್ ಶೀಲ್ಡ್, ಅಂದರೆ ತೆರಿಗೆ ಗುರಾಣಿ ಅನ್ನುತ್ತಾರೆ. ಈ ಸಾಲ ಸದಾ ಹೀಗೇ ಇರುತ್ತದೆ ಅಂದುಕೊಂಡರೆ, ಪ್ರತಿ ವರ್ಷದ 50 ಲಕ್ಷದ ಇಂದಿನ ಬೆಲೆ 10% ದರದಲ್ಲಿ 5 ಕೋಟಿ. ಅಂದರೆ ಸಾಲದ ಮೊತ್ತವನ್ನು ತೆರಿಗೆ ದರದಿಂದ ಗುಣಿಸಿದಷ್ಟು.

ಈ ತಟ್ಟೆಯಲ್ಲಿ ಎರಡು ತೂತುಗಳಿವೆ, ಗಮನದಲ್ಲಿಡಿ. ಲಾಭ ಇದ್ದರೆ ಮಾತ್ರ ಗುರಾಣಿ. ಕಂಪನಿ ನಷ್ಟದಲ್ಲಿದ್ದರೆ ತೆರಿಗೆಯೇ ಇಲ್ಲ, ಉಳಿಸುವುದು ಏನನ್ನು? ವ್ಯವಹಾರದ ನಷ್ಟವನ್ನು ಮುಂದಿನ 8 ವರ್ಷಗಳ ಲಾಭದಲ್ಲಿ ಕಳೆದುಕೊಳ್ಳಲು ಅವಕಾಶವಿದೆ, ಆದರೆ ಆ ಲಾಭ ಬರಬೇಕಲ್ಲ. ಎರಡನೆಯದು, ಬ್ಯಾಂಕ್ ಸಾಲದ ಬಡ್ಡಿಯನ್ನು ನಿಜವಾಗಿ ಕಟ್ಟಿದ ಮೇಲಷ್ಟೇ ನಮ್ಮಲ್ಲಿ ಅದು ಖರ್ಚಾಗಿ ಒಪ್ಪಿಗೆಯಾಗುತ್ತದೆ. ಕಟ್ಟಲಾಗದ ಬಡ್ಡಿಯನ್ನು ಬ್ಯಾಂಕ್ ಹೊಸ ಸಾಲವಾಗಿ ಬದಲಿಸಿಕೊಟ್ಟರೆ ಅದನ್ನು ಕಟ್ಟಿದಂತೆ ಲೆಕ್ಕ ಹಾಕಲ್ಲ. ಅಂದರೆ ಕಂಪನಿ ಕಷ್ಟದಲ್ಲಿದ್ದಾಗ ಈ ಗುರಾಣಿ ಕೈಗೆ ಸಿಗಲ್ಲ.

ಎರಡನೇ ತಟ್ಟೆ: ಸಂಕಷ್ಟದ ಖರ್ಚು

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಕಂಪನಿ 100 ಕೋಟಿ ಸಾಲ ತೀರಿಸಲಿಲ್ಲ ಅಂದರೆ ಸಂಕಷ್ಟದ ಖರ್ಚು 100 ಕೋಟಿ ಅಲ್ಲ. ಅದು ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋದ ದುಡ್ಡು. ಬ್ಯಾಂಕಿಗೆ ನಷ್ಟ, ಆದರೆ ಕಾರ್ಖಾನೆ, ಯಂತ್ರ, ಕೆಲಸಗಾರರು ಇನ್ನೂ ಹಾಗೇ ಇದ್ದಾರೆ. ಸಂಕಷ್ಟದ ಖರ್ಚು ಅಂದರೆ ಆ ಗೊಂದಲದಲ್ಲಿ ಯಾರ ಜೇಬಿಗೂ ಹೋಗದೆ ಕರಗಿಹೋಗುವ ಬೆಲೆ.

ಅದರಲ್ಲಿ ಕಣ್ಣಿಗೆ ಕಾಣುವ ಭಾಗ ಚಿಕ್ಕದು: ವಕೀಲರ ಫೀಸು, ಕೋರ್ಟ್ ಖರ್ಚು, ಲೆಕ್ಕಪರಿಶೋಧಕರ ಫೀಸು. 1977ರಲ್ಲಿ ಜೆರಾಲ್ಡ್ ವಾರ್ನರ್ ದಿವಾಳಿಯಾದ 11 ಅಮೆರಿಕನ್ ರೈಲ್ವೆ ಕಂಪನಿಗಳನ್ನು ನೋಡಿದಾಗ, ಈ ನೇರ ಖರ್ಚು ದಿವಾಳಿಗೆ 7 ವರ್ಷ ಮೊದಲಿನ ಮಾರುಕಟ್ಟೆ ಬೆಲೆಯ ಸುಮಾರು 1% ಮಾತ್ರ ಇತ್ತು. ದಿವಾಳಿಯ ಹೊತ್ತಿನ ಬೆಲೆಗೆ ಹೋಲಿಸಿದರೂ ಸುಮಾರು 5%. ಅದೇ ವರ್ಷ ಮಿಲ್ಲರ್ ಸ್ವತಃ ಈ ಸಿದ್ಧಾಂತವನ್ನು ಗೇಲಿ ಮಾಡಿದರು: ಒಂದು ಕುದುರೆ, ಒಂದು ಮೊಲ ಹಾಕಿ ಸಾರು ಮಾಡಿ ಎರಡರ ರುಚಿಯೂ ಸಮ ಅಂದಂತಾಯ್ತು ಎಂದು. ತೆರಿಗೆ ಉಳಿತಾಯ ಕುದುರೆ, ದಿವಾಳಿ ಖರ್ಚು ಮೊಲ. ಷೇರು ಆದಾಯಕ್ಕಿಂತ ಬಡ್ಡಿ ಆದಾಯಕ್ಕೆ ವೈಯಕ್ತಿಕ ತೆರಿಗೆ ಹೆಚ್ಚು ಬೀಳುವುದರಿಂದ, ಕಂಪನಿ ಉಳಿಸಿದ್ದನ್ನು ಸಾಲ ಕೊಟ್ಟವರು ಕಳೆದುಕೊಳ್ಳುತ್ತಾರೆ, ಹಾಗಾಗಿ ಕುದುರೆಯೂ ಅಷ್ಟು ದೊಡ್ಡದಲ್ಲ ಎಂಬುದು ಅವರ ವಾದ.

ಆದರೆ ಮೊಲವೂ ಅಷ್ಟು ಚಿಕ್ಕದಲ್ಲ. ಕಾಣದ ಖರ್ಚುಗಳು ಕೋರ್ಟಿಗೆ ಹೋಗುವ ಮುಂಚೆಯೇ ಶುರುವಾಗುತ್ತವೆ. ಕಂಪನಿ ಅಲುಗಾಡುತ್ತಿದೆ ಎಂದು ಗೊತ್ತಾದರೆ ಗ್ರಾಹಕ ಮುಂಗಡ ಕೊಡಲ್ಲ, ಸರಬರಾಜುದಾರ ಉದ್ದರಿ ನಿಲ್ಲಿಸುತ್ತಾನೆ, ಒಳ್ಳೆ ಕೆಲಸಗಾರರು ಮೊದಲು ಹೊರಡುತ್ತಾರೆ, ಮಾಡಲೇಬೇಕಾದ ರಿಪೇರಿ ಮುಂದಕ್ಕೆ ಹೋಗುತ್ತದೆ. ಗ್ರೆಗರ್ ಆಂಡ್ರಾಡೆ ಮತ್ತು ಸ್ಟೀವನ್ ಕಪ್ಲಾನ್ 1998ರಲ್ಲಿ ಭಾರಿ ಸಾಲದಿಂದ ಕಷ್ಟಕ್ಕೆ ಸಿಲುಕಿದ 31 ಅಮೆರಿಕನ್ ವ್ಯವಹಾರಗಳನ್ನು ಅಧ್ಯಯನ ಮಾಡಿ, ಇದೆಲ್ಲ ಸೇರಿ ಕಂಪನಿ ಬೆಲೆಯ 10ರಿಂದ 20% ಕರಗುತ್ತದೆ ಎಂದು ಅಂದಾಜಿಸಿದರು.

ತಕ್ಕಡಿಯಲ್ಲಿ ತೂಗಿದರೆ

ಪೀಣ್ಯದ ಕಾರ್ಖಾನೆಗೆ ವಾಪಸ್ ಬರೋಣ. ಸಾಲವಿಲ್ಲದಾಗ ಅದರ ಬೆಲೆ 60 ಕೋಟಿ ಅಂದುಕೊಳ್ಳಿ. ವರ್ಷದ 7.5 ಕೋಟಿಗೆ ಹೂಡಿಕೆದಾರರು 12.5% ಪ್ರತಿಫಲ ಬಯಸಿದರೆ ಅಷ್ಟಾಗುತ್ತದೆ. ಸಂಕಷ್ಟ ಬಂದರೆ ಬೆಲೆಯ 20%, ಅಂದರೆ 12 ಕೋಟಿ ಕರಗುತ್ತದೆ. ಸಾಲ ಏರಿದಂತೆ ಸಂಕಷ್ಟದ ಸಾಧ್ಯತೆ ಮೊದಲು ನಿಧಾನವಾಗಿ, ಆಮೇಲೆ ಸರ್ರನೆ ಏರುತ್ತದೆ. ಸಾಧ್ಯತೆಯ ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು. ಸಾಲ ಹೊರತುಪಡಿಸಿ ಎಲ್ಲ ಮೊತ್ತಗಳೂ ಇಂದಿನ ಬೆಲೆಯಲ್ಲಿ.

| ಸಾಲ (ಕೋಟಿ) | ತೆರಿಗೆ ಉಳಿತಾಯ | ಸಂಕಷ್ಟದ ಸಾಧ್ಯತೆ | ನಿರೀಕ್ಷಿತ ಸಂಕಷ್ಟ ಖರ್ಚು | ನಿವ್ವಳ ಲಾಭ |
|---|---|---|---|---|
| 10 | 2.5 | 2% | 0.24 | 2.26 |
| 20 | 5.0 | 6% | 0.72 | 4.28 |
| 30 | 7.5 | 20% | 2.40 | 5.10 |
| 40 | 10.0 | 50% | 6.00 | 4.00 |

ಪ್ರತಿ ಹೆಜ್ಜೆಯಲ್ಲೂ ಹೆಚ್ಚುವರಿ 10 ಕೋಟಿ ಸಾಲ 2.5 ಕೋಟಿ ತೆರಿಗೆ ಉಳಿಸುತ್ತದೆ, ಅದು ಬದಲಾಗಲ್ಲ. ಬದಲಾಗುವುದು ಎದುರಿನ ಖರ್ಚು. 20ರಿಂದ 30 ಕೋಟಿಗೆ ಹೋದರೆ 1.68 ಕೋಟಿ ಖರ್ಚು ಹೆಚ್ಚುತ್ತದೆ, ಲಾಭವೇ. 30ರಿಂದ 40ಕ್ಕೆ ಹೋದರೆ 3.6 ಕೋಟಿ ಹೆಚ್ಚುತ್ತದೆ, ನಷ್ಟ. ಈ ನಾಲ್ಕರಲ್ಲಿ 30 ಕೋಟಿಗೆ ನಿಲ್ಲುವುದು ಸರಿ.

ಈಗ ಇದೇ ಲಾಭ, ಇದೇ ತೆರಿಗೆ, ಇದೇ ಸಾಧ್ಯತೆಗಳಿರುವ ಸಾಫ್ಟ್‌ವೇರ್ ಕಂಪನಿಯೊಂದನ್ನು ತೆಗೆದುಕೊಳ್ಳಿ. ಅದರ ಆಸ್ತಿ ಇಂಜಿನಿಯರ್‌ಗಳ ತಲೆಯೊಳಗಿದೆ, ಸಂಜೆ ಕ್ಯಾಬ್ ಹತ್ತಿ ಮನೆಗೆ ಹೋಗುತ್ತದೆ. ಸಂಕಷ್ಟ ಬಂದರೆ 20% ಅಲ್ಲ, 60% ಬೆಲೆ ಕರಗುತ್ತದೆ ಅಂದುಕೊಂಡರೆ, 20 ಕೋಟಿ ಸಾಲಕ್ಕೆ ನಿವ್ವಳ ಲಾಭ 2.84 ಕೋಟಿ, 30 ಕೋಟಿಗೆ ಬರೀ 30 ಲಕ್ಷ, 40 ಕೋಟಿಗೆ 8 ಕೋಟಿ ನಷ್ಟ. ಇದು 20 ಕೋಟಿಗೇ ನಿಲ್ಲಬೇಕು. ಸಾಧ್ಯತೆ ಒಂದೇ ಇದ್ದರೂ, ಬಿದ್ದರೆ ಎಷ್ಟು ಒಡೆಯುತ್ತದೆ ಎಂಬುದೇ ಉತ್ತರವನ್ನು ಬದಲಿಸಿತು.

ಆದ್ದರಿಂದ ಎಲ್ಲ ಕಂಪನಿಗಳಿಗೂ ಹೊಂದುವ ಒಂದು ಸಾಲದ ಪ್ರಮಾಣ ಇಲ್ಲ. ವಿದ್ಯುತ್ ಪ್ರಸರಣ ಕಂಪನಿಯ ಆದಾಯವನ್ನು ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ, ಟವರ್‌ಗಳು ಎಲ್ಲಿಗೂ ಓಡಿಹೋಗಲ್ಲ. ಹಾಗಾಗಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ದರ ಲೆಕ್ಕಾಚಾರದಲ್ಲಿ 70 ಭಾಗ ಸಾಲ, 30 ಭಾಗ ಸ್ವಂತ ಬಂಡವಾಳ ಎಂಬ ಮಾನದಂಡ ಸಹಜವಾಗಿ ಕೂರುತ್ತದೆ. ವಿಮಾನಯಾನ ಇದಕ್ಕೆ ಪೂರ್ತಿ ಉಲ್ಟಾ.

ಕಿಂಗ್‌ಫಿಶರ್: ಗುರಾಣಿ ಇಲ್ಲದ ಸಾಲ

ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್ ಹಾರಾಟ ಶುರು ಮಾಡಿದ್ದು 2005ರ ಮೇನಲ್ಲಿ. ಮುಂದಿನ ಮೂರು ವರ್ಷಗಳಲ್ಲಿ ಅದು ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ ಅನ್ನು ನುಂಗಿತು, 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು-ಲಂಡನ್ ಹಾರಾಟವನ್ನೂ ಆರಂಭಿಸಿತು. ಅದೇ ವರ್ಷದ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. 2011ರ ಹೊತ್ತಿಗೆ ಅದನ್ನು ದೇಶದ ಎರಡನೇ ಅತಿದೊಡ್ಡ ವಿಮಾನಯಾನ ಕಂಪನಿ ಅನ್ನುತ್ತಿದ್ದರು. ಆದರೆ ಒಂದೇ ಒಂದು ಪೂರ್ಣ ವರ್ಷವೂ ಅದು ಲಾಭ ತೋರಿಸಲಿಲ್ಲ. 2010-11ರ ನಷ್ಟ ಸುಮಾರು 1,027 ಕೋಟಿ.

ನಮ್ಮ ತಕ್ಕಡಿಯನ್ನು ಇಲ್ಲಿ ಇಡಿ. ಲಾಭವೇ ಇಲ್ಲ ಅಂದಮೇಲೆ ಮೊದಲ ತಟ್ಟೆ ಖಾಲಿ. ಎರಡನೇ ತಟ್ಟೆ ಭಾರ: ಇಂಧನದ ಬೆಲೆ, ವಿಮಾನಗಳ ಬಾಡಿಗೆ ಡಾಲರ್‌ಗೆ ಕಟ್ಟಿಕೊಂಡಿವೆ, ಟಿಕೆಟ್ ಮಾರುವುದು ರೂಪಾಯಿಯಲ್ಲಿ, ಅದೂ ಪೈಪೋಟಿಯ ದರಕ್ಕೆ. ಬಾಡಿಗೆ ವಿಮಾನವೂ ಒಂಥರಾ ಸಾಲವೇ, ತಿಂಗಳು ತಿಂಗಳು ಕಟ್ಟಲೇಬೇಕು. ಟ್ರೇಡ್-ಆಫ್ ಲೆಕ್ಕದ ಪ್ರಕಾರ ಇಂಥ ಕಂಪನಿಗೆ ಸರಿಯಾದ ಸಾಲ ಸೊನ್ನೆಗೆ ಹತ್ತಿರ. ಇದ್ದದ್ದು ಬ್ಯಾಂಕುಗಳಲ್ಲೇ ಸುಮಾರು 7,000 ಕೋಟಿ.

ಯಾಕೆ? ಇದು ತೆರಿಗೆ ಉಳಿಸಲು ಮಾಡಿದ ಸಾಲ ಅಲ್ಲ. ನಷ್ಟವನ್ನು ತುಂಬಲು ಮಾಡಿದ ಸಾಲ. ಕಂಪನಿ ಮುಳುಗುವ ಹಂತಕ್ಕೆ ಬಂದಾಗ ಷೇರುದಾರರ ಲೆಕ್ಕವೇ ಬದಲಾಗುತ್ತದೆ. ಎದ್ದರೆ ನಮಗೆ, ಬಿದ್ದರೆ ಬ್ಯಾಂಕಿಗೆ. ಆಗ ಇನ್ನೊಂದು ವರ್ಷ ಎಳೆಯುವುದೇ ಲಾಭ. ಇದನ್ನು ತಡೆಯಬೇಕಾದವರು ಸಾಲ ಕೊಡುವವರು. ಆದರೆ 2010ರಲ್ಲಿ ಬ್ಯಾಂಕುಗಳ ಒಕ್ಕೂಟ ಸಾಲವನ್ನು ಪುನರ್‌ರಚಿಸಿತು. 2011ರಲ್ಲಿ ಸಾಲದ ಒಂದು ಭಾಗವನ್ನು ಷೇರಾಗಿ ಬದಲಿಸಿಕೊಂಡಿತು, ಅದೂ ಆಗಿನ ಮಾರುಕಟ್ಟೆ ಬೆಲೆಗಿಂತ ಸುಮಾರು 60% ಹೆಚ್ಚು ದರದಲ್ಲಿ.

ಮುಂದೆ ನಡೆದದ್ದು ಕಾಣದ ಖರ್ಚುಗಳ ಮೆರವಣಿಗೆ. ತೈಲ ಕಂಪನಿಗಳು ಉದ್ದರಿ ನಿಲ್ಲಿಸಿ ಕಾಸು ಕೊಟ್ಟರಷ್ಟೇ ಇಂಧನ ಅಂದವು. 2011ರ ನವೆಂಬರ್‌ನಲ್ಲಿ ಹಾರಾಟಗಳು ಸಾಲುಸಾಲಾಗಿ ರದ್ದಾದವು. ವಿಮಾನ ಬಾಡಿಗೆಗೆ ಕೊಟ್ಟವರು ವಿಮಾನ ವಾಪಸ್ ಒಯ್ಯತೊಡಗಿದರು. ಪೈಲಟ್‌ಗಳು ಬೇರೆ ಕಂಪನಿಗಳಿಗೆ ಹೋದರು. ತೆರಿಗೆ ಇಲಾಖೆ ಖಾತೆಗಳನ್ನು ಸ್ಥಗಿತಗೊಳಿಸಿತು. 2012ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ವಿಮಾನಯಾನ ಸಂಘ ತನ್ನ ಹಣ ಪಾವತಿ ವ್ಯವಸ್ಥೆಯಿಂದ ಅದನ್ನು ಹೊರಗಿಟ್ಟಿತು, ಹಾಗಾಗಿ ಏಜೆಂಟರು ಟಿಕೆಟ್ ಮಾರುವುದೇ ಕಷ್ಟವಾಯಿತು. ತಿಂಗಳುಗಟ್ಟಲೆ ಸಂಬಳ ಸಿಗದ ಸಿಬ್ಬಂದಿ ಪ್ರತಿಭಟನೆಗಿಳಿದರು. ಅಕ್ಟೋಬರ್‌ನಲ್ಲಿ ಪರವಾನಗಿ ಅಮಾನತಾಯಿತು. ಪ್ರತಿ ಹೆಜ್ಜೆಯೂ ಮುಂದಿನದ್ದನ್ನು ಹತ್ತಿರ ತಂದಿತು: ಹಾರಾಟ ರದ್ದಾದರೆ ಪ್ರಯಾಣಿಕರಿಲ್ಲ, ಪ್ರಯಾಣಿಕರಿಲ್ಲದಿದ್ದರೆ ಕಾಸಿಲ್ಲ, ಕಾಸಿಲ್ಲದಿದ್ದರೆ ಇಂಧನ ಇಲ್ಲ.

ಆಮೇಲೆ ಅಡಮಾನದ ಕಥೆ. ಬ್ಯಾಂಕುಗಳು ಕಿಂಗ್‌ಫಿಶರ್ ಎಂಬ ಬ್ರ್ಯಾಂಡನ್ನೂ ಭದ್ರತೆಯಾಗಿ ಇಟ್ಟುಕೊಂಡಿದ್ದವು. 2016ರಲ್ಲಿ ಸುಮಾರು 367 ಕೋಟಿ ಮೂಲಬೆಲೆಗೆ ಅದನ್ನು ಹರಾಜಿಗಿಟ್ಟಾಗ ಒಬ್ಬರೂ ಕೂಗಲಿಲ್ಲ. ನಿಂತುಹೋದ ವಿಮಾನ ಕಂಪನಿಯ ಹೆಸರನ್ನು ಕೊಂಡು ಮಾಡುವುದೇನು? ಮುಂಬೈನ ಕಿಂಗ್‌ಫಿಶರ್ ಹೌಸ್ 2016ರಲ್ಲಿ 150 ಕೋಟಿಗೆ ಹರಾಜಿಗೆ ಬಂದು ಹೋಗಲಿಲ್ಲ, 2021ರಲ್ಲಿ ಸುಮಾರು 52 ಕೋಟಿಗೆ ಹೋಯಿತು. ಕಂಪನಿ ಓಡುವಾಗಷ್ಟೇ ಬೆಲೆಯಿರುವ ಆಸ್ತಿ, ಕಂಪನಿ ಬಿದ್ದಾಗ ಭದ್ರತೆಯಾಗಲ್ಲ. ಸಾಫ್ಟ್‌ವೇರ್ ಉದಾಹರಣೆಯ 60% ಇದೇ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರಲ್ಲಿ 6,203 ಕೋಟಿ ಮತ್ತು ಬಡ್ಡಿ ವಸೂಲಿಗೆ ಆದೇಶಿಸಿತ್ತು. ವಿಜಯ್ ಮಲ್ಯ ಅವರಿಗೆ ಸಂಬಂಧಿಸಿದ 14,131 ಕೋಟಿಗೂ ಹೆಚ್ಚಿನ ಆಸ್ತಿಯನ್ನು ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಮರಳಿಸಲಾಗಿದೆ ಎಂದು 2024ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವೆ ಲೋಕಸಭೆಗೆ ತಿಳಿಸಿದರು. ಹಾಗಾದರೆ ನಷ್ಟವೇ ಆಗಲಿಲ್ಲವಾ? ಮೇಲೆ ಹೇಳಿದ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಆ ದುಡ್ಡಿನ ದೊಡ್ಡ ಪಾಲು ಬಂದದ್ದು ಮದ್ಯದ ಉದ್ಯಮದ ಷೇರುಗಳಿಂದ, ವಿಮಾನ ಕಂಪನಿಯಿಂದಲ್ಲ. ಜೇಬಿನಿಂದ ಜೇಬಿಗೆ ದುಡ್ಡು ಹೋಯಿತು. ವಿಮಾನ ಕಂಪನಿ, ಅದರ ಮಾರ್ಗಗಳು, ತಂಡ, ಸಾವಿರಾರು ಉದ್ಯೋಗ ಕರಗಿಹೋದದ್ದು ಕರಗಿಹೋಯಿತು.

ಸಿದ್ಧಾಂತಕ್ಕೆ ತಿಳಿಯದ್ದು: ಇನ್ಫೋಸಿಸ್

ಇದೇ ಊರಿನಲ್ಲಿ ಉಲ್ಟಾ ಉದಾಹರಣೆಯೂ ಇದೆ. ಇನ್ಫೋಸಿಸ್ ದಶಕಗಳಿಂದ ಭರ್ಜರಿ ಲಾಭ ಮಾಡುತ್ತಾ ಬಹುತೇಕ ಬ್ಯಾಂಕ್ ಸಾಲವೇ ಇಲ್ಲದೆ ಬೆಳೆದ ಕಂಪನಿ. ಟ್ರೇಡ್-ಆಫ್ ಇದನ್ನು ಅರ್ಧ ವಿವರಿಸುತ್ತದೆ. 2011ರ ಮಾರ್ಚ್‌ವರೆಗೆ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆಯ ರಫ್ತು ಲಾಭಕ್ಕೆ ತೆರಿಗೆ ವಿನಾಯಿತಿ ಇತ್ತು. ತೆರಿಗೆಯೇ ಕಡಿಮೆ ಇದ್ದಾಗ ಗುರಾಣಿಗೆ ಬೆಲೆ ಎಲ್ಲಿಂದ? ಆಸ್ತಿಯೂ ಸಂಜೆ ಮನೆಗೆ ಹೋಗುವಂಥದ್ದು.

ಆದರೆ ವಿನಾಯಿತಿ ಮುಗಿದ ಮೇಲೂ ಅದು ಸಾಲದತ್ತ ತಿರುಗಲಿಲ್ಲ. ಇಲ್ಲಿ ಸಿದ್ಧಾಂತ ಸೋಲುತ್ತದೆ, ಮತ್ತು ಇದೊಂದೇ ಕಂಪನಿಯ ಕಥೆಯಲ್ಲ. ಹೆಚ್ಚು ಲಾಭವಿದ್ದವರಿಗೆ ತೆರಿಗೆ ಉಳಿತಾಯವೂ ಹೆಚ್ಚು, ಸಂಕಷ್ಟದ ಸಾಧ್ಯತೆಯೂ ಕಡಿಮೆ, ಹಾಗಾಗಿ ಅವರು ಹೆಚ್ಚು ಸಾಲ ಮಾಡಬೇಕು ಎನ್ನುತ್ತದೆ ಟ್ರೇಡ್-ಆಫ್. ಅಧ್ಯಯನಗಳಲ್ಲಿ ಕಾಣುವುದು ಸಾಮಾನ್ಯವಾಗಿ ಉಲ್ಟಾ: ಒಂದೇ ಉದ್ಯಮದೊಳಗೆ ಹೆಚ್ಚು ಲಾಭದವರ ಸಾಲ ಕಡಿಮೆ. 1984ರಲ್ಲಿ ಸ್ಟೀವರ್ಟ್ ಮೈಯರ್ಸ್ ಕೊಟ್ಟ ಪರ್ಯಾಯ ವಿವರಣೆ ಸರಳ. ಮ್ಯಾನೇಜರ್‌ಗಳು ತಕ್ಕಡಿ ಹಿಡಿದು ಕೂರಲ್ಲ. ಮೊದಲು ಕೈಯಲ್ಲಿರುವ ಲಾಭ ಬಳಸುತ್ತಾರೆ, ಸಾಲದಿದ್ದರೆ ಸಾಲ, ಅದೂ ಆಗದಿದ್ದರೆ ಕೊನೆಗೆ ಹೊಸ ಷೇರು. ಟ್ರೇಡ್-ಆಫ್ ಎಷ್ಟು ಸಾಲ ಸರಿ ಎಂದು ಹೇಳುತ್ತದೆ, ಕಂಪನಿಗಳು ನಿಜಕ್ಕೂ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಎಲ್ಲ ಕಡೆ ಹೇಳಲ್ಲ.

ಹೊರಗಿನಿಂದ ಹೇಗೆ ಗೊತ್ತಾಗುತ್ತೆ?

ಲಿಸ್ಟ್ ಆದ ಯಾವುದೇ ಕಂಪನಿಯ ವಾರ್ಷಿಕ ವರದಿ ಉಚಿತವಾಗಿ ಸಿಗುತ್ತದೆ. ಮೂರು ಕಡೆ ನೋಡಿದರೆ ಸಾಕು. ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಲಾಭವನ್ನು ವರ್ಷದ ಬಡ್ಡಿಯಿಂದ ಭಾಗಿಸಿ. ಉತ್ತರ 1ಕ್ಕಿಂತ ಕಡಿಮೆ ಇದ್ದರೆ ದುಡಿಮೆಯಿಂದ ಬಡ್ಡಿ ಹುಟ್ಟುತ್ತಿಲ್ಲ, ಅದು ಹೊಸ ಸಾಲದಿಂದಲೋ ಆಸ್ತಿ ಮಾರಿಯೋ ಬರುತ್ತಿದೆ. ಎರಡನೆಯದು, ಕಂಪನಿ ನಿಜವಾಗಿ ತೆರಿಗೆ ಕಟ್ಟುತ್ತಿದೆಯಾ? ಇಲ್ಲವಾದರೆ ತೆರಿಗೆ ಉಳಿಸಲು ಸಾಲ ಎಂಬ ಸಮರ್ಥನೆ ಅಲ್ಲಿಗೆ ಸತ್ತಿತು. ಮೂರನೆಯದು, ಲೆಕ್ಕಪರಿಶೋಧಕರ ವರದಿಯ ಅನುಬಂಧ. ಪಿಎಫ್, ಇಎಸ್‌ಐ, ಟಿಡಿಎಸ್‌ನಂಥ ವಿವಾದವಿಲ್ಲದ ಬಾಕಿಗಳು 6 ತಿಂಗಳು ದಾಟಿದ್ದರೆ ಅದನ್ನು ಅಲ್ಲಿ ಬರೆಯಲೇಬೇಕು. ಕಾಸಿನ ಮುಗ್ಗಟ್ಟು ಬಂದಾಗ ಮ್ಯಾನೇಜರ್‌ಗಳು ಮೊದಲು ತಡಮಾಡುವ ಪಾವತಿಗಳಲ್ಲಿ ಇವೂ ಸೇರಿವೆ, ಹಾಗಾಗಿ ಪತ್ರಿಕೆಯ ಸುದ್ದಿಗಿಂತ ಮುಂಚೆ ಇಲ್ಲಿ ಹೊಗೆ ಕಾಣಬಹುದು.

ತಟ್ಟೆಗಳು ಯಾರ ಕೈಯಲ್ಲಿವೆ?

ಈಗ ಮೊದಲ ಪ್ರಶ್ನೆಗೆ. ಟ್ರೇಡ್-ಆಫ್ ಸಿದ್ಧಾಂತ ಮೌನವಾಗಿ ಒಂದು ನಂಬಿಕೆಯ ಮೇಲೆ ನಿಂತಿದೆ: ಸಂಕಷ್ಟದ ಖರ್ಚನ್ನು ಕೊನೆಗೆ ಹೊರುವುದು ಮಾಲೀಕರೇ. ಹೇಗೆ? ಸಾಲ ಕೊಡುವವರು ಅಪಾಯವನ್ನು ಮೊದಲೇ ಊಹಿಸಿ ಹೆಚ್ಚು ಬಡ್ಡಿ ಕೇಳುತ್ತಾರೆ, ಕೆಲಸಗಾರರು ಹೆಚ್ಚು ಸಂಬಳ ಕೇಳುತ್ತಾರೆ, ಸರಬರಾಜುದಾರರು ಉದ್ದರಿ ಕಡಿಮೆ ಮಾಡುತ್ತಾರೆ. ಆ ಬಿಸಿ ಇಂದೇ ತಟ್ಟುವುದರಿಂದ ಮಾಲೀಕರು ಸಾಲಕ್ಕೆ ಮಿತಿ ಹಾಕಿಕೊಳ್ಳುತ್ತಾರೆ. ಸಿದ್ಧಾಂತದ ಬ್ರೇಕ್ ಇರುವುದು ಇಲ್ಲೇ.

ಬ್ಯಾಂಕುಗಳು ಆ ಬೆಲೆ ಕೇಳದಿದ್ದರೆ ಬ್ರೇಕ್ ಹಿಡಿಯಲ್ಲ. ನಷ್ಟದಲ್ಲಿರುವ ಕಂಪನಿಗೆ ಬ್ರ್ಯಾಂಡ್ ನೋಡಿ ಸಾಲ ಕೊಟ್ಟಾಗ, ಪುನರ್‌ರಚನೆಯ ಹೆಸರಲ್ಲಿ ಸಮಯ ಕೊಟ್ಟಾಗ, ಸಂಕಷ್ಟದ ತಟ್ಟೆ ಮಾಲೀಕರ ಕೈಯಿಂದ ಜಾರಿ ಠೇವಣಿದಾರ, ತೆರಿಗೆದಾರ, ಗ್ರೌಂಡ್ ಸ್ಟಾಫ್ ಹುಡುಗಿಯ ಕೈಗೆ ಬರುತ್ತದೆ. ಏಳು ತಿಂಗಳ ಸಂಬಳ ಬಾಕಿ ಇಟ್ಟುಕೊಂಡು ಕೆಲಸಕ್ಕೆ ಬರುವವಳು ಕಂಪನಿಗೆ ಬಡ್ಡಿಯಿಲ್ಲದೆ, ಭದ್ರತೆಯಿಲ್ಲದೆ ಸಾಲ ಕೊಟ್ಟವಳು. ಆ ಸಾಲಕ್ಕೆ ಆಕೆಯ ಒಪ್ಪಿಗೆ ಯಾರೂ ಕೇಳಿರಲಿಲ್ಲ.

ಇನ್ನೊಂದು ತಟ್ಟೆಯೂ ನಮ್ಮದೇ. ತೆರಿಗೆ ಗುರಾಣಿ ಪ್ರಕೃತಿ ನಿಯಮವಲ್ಲ, ಸಂಸತ್ತು ಬರೆದ ಕಾನೂನು. 2019ರಲ್ಲಿ ಕೇಂದ್ರ ಸರ್ಕಾರ, ವಿನಾಯಿತಿಗಳನ್ನು ಬಿಟ್ಟುಕೊಟ್ಟ ಕಂಪನಿಗಳಿಗೆ ತೆರಿಗೆಯನ್ನು ಸೆಸ್ ಮತ್ತು ಸರ್ಚಾರ್ಜ್ ಸೇರಿ ಸುಮಾರು 25%ಗೆ ಇಳಿಸಿತು. ದೊಡ್ಡ ಕಂಪನಿಗಳಿಗೆ ಅದಕ್ಕೂ ಮೊದಲು ಸುಮಾರು 35% ಇತ್ತು. ಅಂದರೆ 100 ರೂಪಾಯಿ ಬಡ್ಡಿ ಮೊದಲು 35 ರೂಪಾಯಿ ತೆರಿಗೆ ಉಳಿಸುತ್ತಿತ್ತು, ಈಗ 25. ಕಾರ್ಪೊರೇಟ್ ತೆರಿಗೆ ಕಡಿತವನ್ನು ನಾವು ಬೇರೆ ಕಾರಣಗಳಿಗೆ ಟೀಕಿಸಬಹುದು, ಆದರೆ ಸಾಲಕ್ಕೆ ಸಿಗುತ್ತಿದ್ದ ಸಬ್ಸಿಡಿಯನ್ನು ಅದು ಇಳಿಸಿತು ಎಂಬುದೂ ನಿಜ.

ಇನ್ನೊಂದು ದಾರಿ ಬಡ್ಡಿ ಕಡಿತಕ್ಕೇ ಮಿತಿ ಹಾಕುವುದು. ಭಾರತದಲ್ಲಿ 2017ರಿಂದ ವಿದೇಶಿ ಸಹಸಂಸ್ಥೆಗಳಿಂದ ತಂದ ಸಾಲದ ಬಡ್ಡಿಗೆ ಇಂಥ ಮಿತಿಯಿದೆ, ಬಡ್ಡಿ-ತೆರಿಗೆ-ಸವಕಳಿಗೆ ಮುಂಚಿನ ಲಾಭದ 30%. ಅಮೆರಿಕ 2018ರಿಂದ ದೊಡ್ಡ ಕಂಪನಿಗಳ ಎಲ್ಲ ಬಡ್ಡಿಗೂ ಮಿತಿ ತಂದಿತು. ದೇಶೀಯ ಬ್ಯಾಂಕ್ ಸಾಲದ ಮೇಲೆ ನಮ್ಮಲ್ಲಿ ಅಂಥ ಮಿತಿ ಇಲ್ಲ. ತಂದರೆ ಅಣೆಕಟ್ಟು, ಹೆದ್ದಾರಿ, ವಿದ್ಯುತ್ ಯೋಜನೆಗಳಿಗೆ ಪೆಟ್ಟು ಬೀಳುತ್ತದೆ, ಅದನ್ನೂ ತೂಗಬೇಕು. ಇದು ಚರ್ಚೆಯಾಗಬೇಕಾದ ನೀತಿಯ ಪ್ರಶ್ನೆ.

ಹಾಗಾಗಿ ಮುಂದಿನ ಬಾರಿ ಒಂದು ಕಂಪನಿ ಮುಳುಗಿ ಟೈಮ್‌ಲೈನ್ ಎರಡಾಗಿ ಒಡೆದಾಗ, ಸಾಲ ಮಾಡಿದ್ದು ತಪ್ಪಾ ಎಂದು ಕೇಳಬೇಡಿ. ಆ ಸಾಲ ಯಾವ ತೆರಿಗೆ ಉಳಿಸುತ್ತಿತ್ತು, ಬಿದ್ದರೆ ಏನು ಕರಗುತ್ತಿತ್ತು, ಅದರ ಬೆಲೆಯನ್ನು ಯಾರು ಮೊದಲೇ ಕೇಳಬೇಕಿತ್ತು, ಕೇಳಿದರಾ? ಕಿಂಗ್‌ಫಿಶರ್ ವಿಷಯದಲ್ಲಿ ಈ ಪ್ರಶ್ನೆಗಳನ್ನು 2010ರಲ್ಲೇ ಕೇಳಬಹುದಿತ್ತು. ಅಂಕಿಗಳು ಅದರ ವಾರ್ಷಿಕ ವರದಿಯಲ್ಲೇ ಇದ್ದವು.